ಕಣ್ಣು ಬೆಳ್ಳಗಿದ್ದರೂ ಲಿವರ್ ತೋರಿಸಿ

ಬೀದರ್ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಕುಬಸ ಮಾಡುತ್ತಾರೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಅಂಗೈ ತುಂಬ ಮೆಹಂದಿ. ಮರಾಠಿ ಮನೆಮಾತಿನವರಲ್ಲಿ ಇದೇ ಡೋಹಾಳೆ ಜೇವಣ. ಕಾರ್ಯ ಮುಗಿಯುತ್ತಲೇ ಹುಡುಗಿ ತವರಿಗೆ ಹೊರಡುತ್ತಾಳೆ. ಔರಾದಿನ ಸೊಸೆ ಭಾಲ್ಕಿಗೆ, ಭಾಲ್ಕಿಯ ಸೊಸೆ ಬೀದರಿಗೆ, ಕೆಲವರು ಗಡಿ ದಾಟಿ ಉದಗೀರಿಗೆ, ನಾರಾಯಣಖೇಡಕ್ಕೆ. ಅಲ್ಲಿಯವರೆಗೆ ತಿಂಗಳು ತಿಂಗಳು ಮನೆಗೆ ಬಂದು ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆ ಗಂಡನ ಊರಲ್ಲೇ ಉಳಿಯುತ್ತಾಳೆ. ತಾಯಿ ಕಾರ್ಡು ಚೀಲದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸ ಊರಿನ ಡಾಕ್ಟರಿಗೆ ಈ ಬಸುರಿ ಹೊಸಬಳು.

ಲಿವರಿಗೆ ಸಂಬಂಧಿಸಿದ ಒಂದು ತೊಂದರೆ ಹೆಚ್ಚಾಗಿ ತಲೆಯೆತ್ತುವುದು ಸರಿಯಾಗಿ ಈ ದಿನಗಳಲ್ಲೇ. ಅದು ಮೊದಲು ತೋರಿಸಿಕೊಳ್ಳುವುದು ಬರೀ ಕೆರೆತವಾಗಿ, ಅದೂ ಹಲವು ಬಾರಿ ಮೆಹಂದಿ ಹಚ್ಚಿದ ಅಂಗೈಯಲ್ಲೇ. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಕಣ್ಣು ಹಳದಿಯಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಅದನ್ನು ರೋಗ ಎಂದು ಎಣಿಸುವುದಿಲ್ಲ. ಮೆಹಂದಿ ಒಗ್ಗಲಿಲ್ಲ ಎನ್ನುತ್ತಾರೆ ಒಬ್ಬರು. ನಂಜು ಆಗ್ಯದ, ಬದನಿಕಾಯಿ ಬಿಡು ಎನ್ನುತ್ತಾರೆ ಇನ್ನೊಬ್ಬರು. "ಹೊಟ್ಟಿ ದೊಡ್ಡದಾಗಲತದ, ಚರ್ಮ ಹಿಗ್ಗಲತದ, ಅದಕ್ಕ ಕೆರಿತದವ್ವ" ಎಂದು ಆಯಿ ಸಮಾಧಾನ ಹೇಳಿ ಕೊಬ್ಬರಿ ಎಣ್ಣೆ ತಿಕ್ಕುತ್ತಾಳೆ. ಬಹಳ ಸಲ ಆಯಿಯ ಮಾತೇ ನಿಜ. ಬಸುರಿಯರ ಕೆರೆತದಲ್ಲಿ ಹೆಚ್ಚಿನ ಪಾಲು ಚರ್ಮದ್ದೇ, ನಿರಪಾಯದ್ದೇ. ಉಳಿದ ಸಣ್ಣ ಪಾಲನ್ನು ಬೇರೆ ಮಾಡಿ ನೋಡುವುದು ಹೇಗೆ ಎಂಬುದೇ ಪ್ರಶ್ನೆ.

ಮೊದಲು ಹೆದರಬೇಕಿಲ್ಲದ್ದನ್ನು ಹೇಳಿ ಮುಗಿಸುತ್ತೇನೆ. ಹೊಟ್ಟೆ, ತೊಡೆ, ಸ್ತನಗಳ ಮೇಲೆ ಮೂಡುವ ಕೆಂಪು, ನೇರಳೆ ಗೆರೆಗಳು ಚರ್ಮದ ಒಳಪದರ ಹಿಗ್ಗಿ ಹರಿದ ಗುರುತು. ಅರ್ಧಕ್ಕಿಂತ ಹೆಚ್ಚು ಬಸುರಿಯರಲ್ಲಿ ಇವು ಕಾಣಿಸುತ್ತವೆ. ಅವ್ವನಿಗೆ ಬಂದಿದ್ದರೆ ಮಗಳಿಗೆ ಬರುವ ಸಾಧ್ಯತೆ ಹೆಚ್ಚು. ಹೆರಿಗೆಯಾದ ಮೇಲೆ ಬೆಳ್ಳಗಾಗಿ ಮಾಸುತ್ತವೆ, ಪೂರ್ತಿ ಅಳಿಯುವುದಿಲ್ಲ. ಇವನ್ನು ತಡೆಯುತ್ತೇವೆ ಎನ್ನುವ ಕ್ರೀಮುಗಳ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಕೊಕ್ರೇನ್ ಸಂಸ್ಥೆ 2012ರಲ್ಲಿ ಪರಿಶೀಲಿಸಿತು. ಯಾವುದೇ ಕ್ರೀಮು ಗೆರೆ ತಡೆಯುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಎಣ್ಣೆ ತಿಕ್ಕಿದರೆ ಚರ್ಮ ಮೆತ್ತಗಾಗಿ ಕೆರೆತ ತಗ್ಗುತ್ತದೆ. ಅಷ್ಟಕ್ಕೆ ಮನೆಯ ಕೊಬ್ಬರಿ ಎಣ್ಣೆ ಸಾಕು, ದುಬಾರಿ ಡಬ್ಬಿ ಬೇಡ.

ಮುಖದ ಮೇಲಿನ ಬಂಗು, ಹೊಕ್ಕುಳಿನಿಂದ ಕೆಳಗೆ ಇಳಿಯುವ ಕಪ್ಪು ಗೆರೆ, ಕಂಕುಳ ಕಪ್ಪಾಗುವುದು, ಇವೆಲ್ಲ ಬಸಿರಿನ ಹಾರ್ಮೋನುಗಳ ಕೆಲಸ. ಇವು ಕೆರೆಯುವುದಿಲ್ಲ. ಲಿವರಿಗೂ ಇವಕ್ಕೂ ನಂಟಿಲ್ಲ. ಬಿಸಿಲಿಗೆ ಬಂಗು ಇನ್ನಷ್ಟು ಕಪ್ಪಾಗುತ್ತದೆ, ಆದ್ದರಿಂದ ಹೊಲಕ್ಕೆ ಹೋಗುವಾಗ ಮುಖಕ್ಕೆ ಸೆರಗು ಮರೆ ಮಾಡಿಕೊಳ್ಳುವುದು ಒಳ್ಳೆಯ ಮದ್ದು. ಇಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ತರುವ ಬಂಗಿನ ಕ್ರೀಮುಗಳಲ್ಲಿ ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿರುವುದುಂಟು. ಟ್ರೆಟಿನಾಯಿನ್ ಎ ವಿಟಮಿನ್ನಿನ ಬಳಗದ್ದು, ಬಸುರಿಯರು ಅದನ್ನು ಮುಟ್ಟಬಾರದು. ಸ್ಟೀರಾಯ್ಡ್ ಮುಖದ ಚರ್ಮವನ್ನು ತೆಳ್ಳಗೆ ಮಾಡಿ, ಬಿಟ್ಟ ಮೇಲೆ ಉರಿ, ಮೊಡವೆ, ಇನ್ನಷ್ಟು ಕಪ್ಪು ತರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಕೌಂಟರಿನ ಮೇಲೆ ಆ ನಿಯಮ ಎಷ್ಟು ನಡೆಯುತ್ತದೆ ಎಂಬುದನ್ನು ಓದುಗರೇ ಬಲ್ಲರು. ಕತ್ತಿನ ಹಿಂದೆ ಚರ್ಮ ಕಪ್ಪಾಗುವುದರ ಜೊತೆಗೆ ದಪ್ಪಗೆ, ಮಖಮಲ್ಲಿನ ಹಾಗೆ ಆಗಿದ್ದರೆ ಮಾತ್ರ ಅದು ಬಂಗಲ್ಲ. ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಇನ್ನು ಗಂಧೆಯೊಂದಿಗೆ ಬರುವ ಕೆರೆತ. ಎಂಟು ಒಂಬತ್ತು ತಿಂಗಳಲ್ಲಿ, ಹೆಚ್ಚಾಗಿ ಚೊಚ್ಚಲ ಬಸುರಿಯರಿಗೆ, ಹೊಟ್ಟೆಯ ಗೆರೆಗಳ ಮೇಲೆಯೇ ಕೆಂಪು ಗುಳ್ಳೆ ಎದ್ದು ವಿಪರೀತ ತುರಿಸುತ್ತದೆ. ಹೊಕ್ಕುಳದ ಸುತ್ತ ಮಾತ್ರ ಚರ್ಮ ಸ್ವಚ್ಛವಾಗಿರುತ್ತದೆ. ನೋಡಲು ಭಯ ಹುಟ್ಟಿಸಿದರೂ ಇದರಿಂದ ತಾಯಿಗೂ ಮಗುವಿಗೂ ಏನೂ ಆಗುವುದಿಲ್ಲ. ತದ್ವಿರುದ್ಧವಾಗಿ ಹೊಕ್ಕುಳದ ಸುತ್ತಲೇ ಶುರುವಾಗಿ ನೀರುಗುಳ್ಳೆಗಳಾದರೆ ಅದು ಅಪರೂಪದ ಬೇರೆಯೇ ರೋಗ, ಚರ್ಮದ ಡಾಕ್ಟರ ಹತ್ತಿರ ಬೇಗ ಹೋಗಬೇಕು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಗುಳ್ಳೆಗಳಾಗಿ ಮನೆಯ ಮಕ್ಕಳೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಚಳಿಗಾಲದ ಒಣ ಹವೆಗೆ ಮೊಣಕಾಲ ಕೆಳಗೆ ಚರ್ಮ ಬಿರಿದು ತುರಿಸುವುದಿದೆ, ಸೋಯಾ ರಾಶಿಯ ಹೊಟ್ಟು ಮೈಗೆ ಹತ್ತಿ ಕೆರೆಯುವುದಿದೆ. ಇವೆಲ್ಲದರಲ್ಲೂ ಚರ್ಮದ ಮೇಲೆ ಏನಾದರೊಂದು ಕಣ್ಣಿಗೆ ಕಾಣುತ್ತದೆ.

ಲಿವರಿನ ಕೆರೆತದಲ್ಲಿ ಕಾಣಲು ಏನೂ ಇರುವುದಿಲ್ಲ. ಗಂಧೆಯಿಲ್ಲ, ಗುಳ್ಳೆಯಿಲ್ಲ, ಚರ್ಮ ಒಣಗಿಲ್ಲ. ಇರುವುದೆಲ್ಲ ಉಗುರು ಎಳೆದ ಗೀರು ಮಾತ್ರ. ಹೆಚ್ಚಾಗಿ ಶುರುವಾಗುವುದು ಅಂಗೈ ಮತ್ತು ಅಂಗಾಲಿನಲ್ಲಿ, ಆಮೇಲೆ ಮೈಯೆಲ್ಲ ಹಬ್ಬುತ್ತದೆ. ಹಗಲು ಹೇಗೋ ತಡೆಯಬಹುದು, ರಾತ್ರಿ ಮಲಗಿದ ಮೇಲೆ ತಡೆಯಲಾಗುವುದಿಲ್ಲ. ಎದ್ದು ತಣ್ಣನೆ ಬಂಡೆಯ ಮೇಲೆ ಪಾದ ಊರಿ ನಿಲ್ಲುತ್ತಾರೆ, ಕೊಡದ ನೀರಲ್ಲಿ ಕೈ ಅದ್ದುತ್ತಾರೆ, ಹೊರಸಿನ ಹಗ್ಗಕ್ಕೆ ಅಂಗಾಲು ತಿಕ್ಕುತ್ತಾರೆ. ಬೆಳಿಗ್ಗೆ ಮನೆಯವರಿಗೆ ಹೇಳಲು ಹೋದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ಕಾಣದ ಕೆರೆತವನ್ನು ನಂಬಿಸುವುದೇ ಆ ಹುಡುಗಿಗೆ ಮೊದಲ ಕಷ್ಟ. ಅದಕ್ಕೇ ಅತ್ತಿ, ಅವ್ವ, ನಾದಿನಿಯರು ಒಂದು ಪ್ರಶ್ನೆ ಕೇಳಲು ಕಲಿಯಬೇಕು: ರಾತ್ರಿ ಅಂಗೈ ಅಂಗಾಲು ಕೆರೆದು ನಿದ್ದೆ ಕೆಡ್ತದೇನು? ಹೌದು ಎಂದರೆ, ಚರ್ಮದ ಮೇಲೆ ಏನೂ ಕಾಣದಿದ್ದರೆ, ರಕ್ತ ಪರೀಕ್ಷೆ ಮಾಡಿಸಬೇಕು.

ಒಳಗೆ ಆಗುವುದು ಇಷ್ಟು. ಕೊಬ್ಬು ಕರಗಿಸಲು ಲಿವರ್ ಪಿತ್ತರಸ ತಯಾರಿಸಿ ಸಣ್ಣ ಸಣ್ಣ ನಾಳಗಳ ಮೂಲಕ ಕರುಳಿಗೆ ಬಿಡುತ್ತದೆ. ಲಿವರ್ ಕಣಗಳ ಗೋಡೆಯಲ್ಲಿರುವ ಪುಟ್ಟ ಪಂಪುಗಳು ಪಿತ್ತರಸದ ಆಮ್ಲಗಳನ್ನು ಹೊರಗೆ ದೂಡುತ್ತವೆ. ಕಡೆಯ ತಿಂಗಳುಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ತುದಿ ಮುಟ್ಟಿದಾಗ ಕೆಲವರಲ್ಲಿ ಈ ಪಂಪುಗಳು ಮಂದವಾಗುತ್ತವೆ. ಹುಟ್ಟಿನಿಂದಲೇ ಪಂಪುಗಳ ಜೀನ್‌ನಲ್ಲಿ ಸಣ್ಣ ವ್ಯತ್ಯಾಸ ಇರುವವರಿಗೆ ಇದು ಹೆಚ್ಚು. ಕರುಳಿಗೆ ಹೋಗಬೇಕಾದ ಆಮ್ಲ ರಕ್ತಕ್ಕೆ ಮರಳುತ್ತದೆ, ಅಲ್ಲಿಂದ ಮಾಸು ದಾಟಿ ಮಗುವಿಗೂ ಹೋಗುತ್ತದೆ. ವೈದ್ಯರು ಇದನ್ನು ಕೊಲೆಸ್ಟಾಸಿಸ್ ಎನ್ನುತ್ತಾರೆ. ಅವಳಿ ಮಕ್ಕಳಿದ್ದರೆ, ಹಿಂದಿನ ಬಸಿರಲ್ಲಿ ಹೀಗಾಗಿದ್ದರೆ, ಅವ್ವನಿಗೋ ಅಕ್ಕನಿಗೋ ಆಗಿದ್ದರೆ ಸಾಧ್ಯತೆ ಹೆಚ್ಚು. ಇಂಗ್ಲೆಂಡಿನ ಲೆಕ್ಕದಲ್ಲಿ ಅಲ್ಲಿಯ ಬಸುರಿಯರಲ್ಲಿ ಸಾವಿರಕ್ಕೆ ಸುಮಾರು 7 ಮಂದಿಗೆ ಇದು ಬರುತ್ತದೆ. ಅಲ್ಲೇ ನೆಲೆಸಿದ ಭಾರತ, ಪಾಕಿಸ್ತಾನ ಮೂಲದವರಲ್ಲಿ 12ರಿಂದ 15. ನಮ್ಮ ಹೆಣ್ಣುಮಕ್ಕಳಿಗೆ ಇದು ದೂರದ ರೋಗವಲ್ಲ.

ತಾಯಿಗೆ ಇದರಿಂದ ಆಗುವ ಹಾನಿ ಕಡಿಮೆ. ಕೆರೆತ ಹಿಂಸೆ, ನಿದ್ದೆಗೇಡು, ಅಷ್ಟೇ ಎನ್ನಬಹುದು. ಅಪಾಯ ಮಗುವಿನದು. ದಿನ ತುಂಬುವ ಮೊದಲೇ ಹೆರಿಗೆ, ಹೊಟ್ಟೆಯೊಳಗೇ ಮಗು ಮಲ ಹಾಕುವುದು, ಆಮ್ಲದ ಮಟ್ಟ ಬಹಳ ಏರಿದಾಗ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು. ಈ ಕೊನೆಯದು ಹಠಾತ್ತಾಗಿ ಆಗುತ್ತದೆ. ಹಿಂದಿನ ವಾರದ ಸ್ಕ್ಯಾನ್ ಚೆನ್ನಾಗಿಯೇ ಇರುತ್ತದೆ, ಮಗುವಿನ ತೂಕ ಸರಿಯಿರುತ್ತದೆ, ಎದೆಬಡಿತದ ಪಟ್ಟಿಯೂ ಸರಿಯಿರುತ್ತದೆ. ರಕ್ತದಲ್ಲಿ ಏರಿದ ಆಮ್ಲ ಮಗುವಿನ ಹೃದಯದ ಲಯ ಕೆಡಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ಆದ್ದರಿಂದ ಕೆರೆತ ಇರುವ ಬಸುರಿಗೆ "ಸ್ಕ್ಯಾನ್ ಛಲೋ ಅದ, ಹೋಗು" ಎಂದು ಹೇಳಿ ಕಳಿಸಿದರೆ ಅದು ಉತ್ತರವಾಗುವುದಿಲ್ಲ. ಸ್ಕ್ಯಾನ್ ಈ ರೋಗವನ್ನು ನೋಡುವುದೇ ಇಲ್ಲ.

ನಮ್ಮ ಕಡೆ ಲಿವರ್ ಎಂದರೆ ಕಾಮಣಿ. ಕಾಮಣಿ ಎಂದರೆ ಕಣ್ಣು ಹಳದಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬೆಳ್ಳಗಿದೆ ಎಂದರೆ ಲಿವರ್ ಚೆನ್ನಾಗಿದೆ ಎಂದು ತೀರ್ಮಾನ. ನನ್ನ ಪ್ರಕಾರ ಈ ಭಾಗದಲ್ಲಿ ರೋಗ ತಪ್ಪಿಸಿಕೊಳ್ಳುವುದು ಇಲ್ಲೇ. ಬಸಿರಿನ ಕೊಲೆಸ್ಟಾಸಿಸ್ ಆದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕಣ್ಣು ಹಳದಿಯಾಗುತ್ತದೆ. ಉಳಿದವರ ಕಣ್ಣು ಕಡೆಯವರೆಗೂ ಬೆಳ್ಳಗೇ ಇರುತ್ತದೆ, ಬಿಲಿರುಬಿನ್ ಸರಿಯಾಗಿಯೇ ಬರುತ್ತದೆ. ಹಳದಿಯಾಗಲಿ ನೋಡೋಣ ಎಂದು ಕಾದವರು ಆ ಹಳದಿಯನ್ನು ಕಾಣುವುದೇ ಇಲ್ಲ.

ಲ್ಯಾಬಿನ ಚೀಟಿಯನ್ನು ಹೇಗೆ ಓದಬೇಕು ಎನ್ನಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಲೆಕ್ಕ ತಿಳಿಯಲೆಂದು ಮಾಡಿಕೊಂಡದ್ದು. ಔರಾದ್ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟ ಹುಡುಗಿ, ತವರು ಭಾಲ್ಕಿ, 23 ವರ್ಷ, ಚೊಚ್ಚಲು. 29ನೇ ವಾರಕ್ಕೆ ಕುಬಸ, ಮರುವಾರ ತವರಿಗೆ. 31ನೇ ವಾರ ರಾತ್ರಿ ಅಂಗೈ ಕೆರೆಯಲು ಶುರು. ಮೆಹಂದಿಯ ಮೇಲೆ ಅಪವಾದ ಬಂತು. ಆದರೆ ಮೆಹಂದಿಯ ಅಲರ್ಜಿಯಾದರೆ ಹಚ್ಚಿದ ಕಡೆಯೇ ಕೆಂಪಗೆ ಬಾತು ಗುಳ್ಳೆ ಬರಬೇಕು. ಇಲ್ಲಿ ಚರ್ಮ ನುಣ್ಣಗಿದೆ, ಮೆಹಂದಿ ಮುಟ್ಟದ ಅಂಗಾಲೂ ಕೆರೆಯುತ್ತದೆ. ಹದಿನೈದು ದಿನದ ಮೇಲೆ, 33ನೇ ವಾರದಲ್ಲಿ, ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿ ನಡೆಯುವ ಮಾತೃತ್ವ ಅಭಿಯಾನದ ತಪಾಸಣೆಗೆ ಹೋದಳು. ಬಿಪಿ 112/70, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಲಿವರ್ ಪರೀಕ್ಷೆಗೆ ರಕ್ತ ಕೊಟ್ಟಳು.

ಚೀಟಿಯಲ್ಲಿ ಬಂದದ್ದು: ಬಿಲಿರುಬಿನ್ 0.7, ಎಸ್‌ಜಿಪಿಟಿ 88, ಆಲ್ಕಲೈನ್ ಫಾಸ್ಫಟೇಸ್ 310. ಮನೆಯವರ ಕಣ್ಣು ಹೋಗುವುದು ದೊಡ್ಡ ಅಂಕಿಯ ಕಡೆ. 310 ಎಂದರೆ ಎದೆ ಝಲ್ ಎನ್ನುತ್ತದೆ. ಆದರೆ ಆಲ್ಕಲೈನ್ ಫಾಸ್ಫಟೇಸ್ ಅನ್ನು ಮಾಸು ಕೂಡ ತಯಾರಿಸುತ್ತದೆ. ಕಡೆಯ ತಿಂಗಳಲ್ಲಿ ಅದು ಎಲ್ಲ ಬಸುರಿಯರಿಗೂ ಏರುತ್ತದೆ, ಲಿವರಿನ ಬಗ್ಗೆ ಏನೂ ಹೇಳುವುದಿಲ್ಲ. ಬಿಲಿರುಬಿನ್ 0.7 ನೋಡಿ "ಕಾಮಣಿ ಇಲ್ಲ" ಎಂದು ನಿಟ್ಟುಸಿರು ಬಿಡುವುದೂ ತಪ್ಪು. ನೋಡಬೇಕಾದದ್ದು ಎಸ್‌ಜಿಪಿಟಿ. ಅದು 40ರ ಒಳಗಿರಬೇಕು, ಬಸುರಿಯರಲ್ಲಿ ಇನ್ನೂ ಸ್ವಲ್ಪ ಕೆಳಗೇ. 88 ಎಂದರೆ ಲಿವರ್ ಕಣಗಳಿಗೆ ತ್ರಾಸಾಗುತ್ತಿದೆ.

ಮುಂದಿನದು ಬೈಲ್ ಆಸಿಡ್ ಪರೀಕ್ಷೆ. ರೋಗವನ್ನು ಖಚಿತಪಡಿಸುವುದು ಇದೊಂದೇ. ತಾಲ್ಲೂಕು ಮಟ್ಟದ ಲ್ಯಾಬಿನ ನಿತ್ಯದ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ರಕ್ತ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು, ವರದಿಗೆ ಕೆಲವು ದಿನ ಕಾಯಬೇಕು, ಖಾಸಗಿಯಾದರೆ ದುಡ್ಡು ಕೊಡಬೇಕು. ಉಪವಾಸ ಬೇಕಿಲ್ಲ, ಉಂಡ ಮೇಲೆ ಕೊಟ್ಟರೂ ನಡೆಯುತ್ತದೆ. ಹಾಗೆ ನೋಡಿದಾಗ ಬಸುರಿಯರಲ್ಲಿ 19ರ ಒಳಗೆ ಇದ್ದರೆ ಸರಿ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 19ರಿಂದ 39 ಸೌಮ್ಯ, 40ರಿಂದ 99 ಮಧ್ಯಮ, 100 ಮತ್ತು ಮೇಲೆ ತೀವ್ರ.

ಈ ಮೂರು ಮೆಟ್ಟಿಲು ಸುಮ್ಮನೆ ಕಟ್ಟಿದ್ದಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಲವು ದೇಶಗಳ ಬಾಣಂತಿಯರ ದಾಖಲೆಗಳನ್ನು ಕೂಡಿಸಿದ ಅಧ್ಯಯನ ಬಂತು. ಕೊಲೆಸ್ಟಾಸಿಸ್ ಆದವರಲ್ಲಿ ಆಮ್ಲ 40ರ ಒಳಗಿದ್ದರೆ ಮಗು ಹೊಟ್ಟೆಯಲ್ಲೇ ತೀರಿಕೊಂಡದ್ದು ಸಾವಿರಕ್ಕೆ ಒಂದೆರಡು. 40ರಿಂದ 99 ಇದ್ದವರಲ್ಲಿ ಸಾವಿರಕ್ಕೆ ಸುಮಾರು 3. ಇವು ಬೇರೆ ಬಸುರಿಯರಿಗಿಂತ ಹೆಚ್ಚೇನೂ ಅಲ್ಲ. 100 ದಾಟಿದವರಲ್ಲಿ ಸಾವಿರಕ್ಕೆ 34. ಅಂದರೆ ಕೊಲೆಸ್ಟಾಸಿಸ್ ಎಂಬ ಹೆಸರು ಕೇಳಿದವರೆಲ್ಲ ನಡುಗಬೇಕಿಲ್ಲ. ನಡುಗಬೇಕಾದ ಗುಂಪು ಚಿಕ್ಕದು, ಆದರೆ ಅಂಕಿಯಿಲ್ಲದೆ ಅದನ್ನು ಗುರುತಿಸಲಾಗುವುದಿಲ್ಲ. ಕೆರೆತದ ಜೋರು ಆಮ್ಲದ ಅಳತೆಯಲ್ಲ. ಮೈಯೆಲ್ಲ ರಕ್ತ ಬರುವಂತೆ ಕೆರೆದುಕೊಂಡವಳಿಗೆ 25 ಇರಬಹುದು, ಅಂಗಾಲು ಮಾತ್ರ ತುರಿಸುತ್ತದೆ ಎಂದವಳಿಗೆ 110 ಇರಬಹುದು.

ನಮ್ಮ ಹುಡುಗಿಗೆ 33ನೇ ವಾರದಲ್ಲಿ ಬಂದದ್ದು 31. ಸೌಮ್ಯ. ಎಸ್‌ಜಿಪಿಟಿ ಏರಿರುವುದರಿಂದ ಡಾಕ್ಟರು ಹೆಪಟೈಟಿಸ್ ಪರೀಕ್ಷೆಗಳನ್ನು ನೋಡಿದರು, ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ಸ್ಕ್ಯಾನ್ ಮಾಡಿಸಿದರು. ಏನೂ ಇರಲಿಲ್ಲ. 35ನೇ ವಾರದಲ್ಲಿ ಮತ್ತೆ ನೋಡಿದಾಗ 52. ಈಗ ಮಧ್ಯಮ. ಆಮ್ಲ ವಾರ ವಾರಕ್ಕೆ ಏರಬಹುದು, ಒಂದು ಸಲ ಕಡಿಮೆ ಬಂದ ಚೀಟಿಯನ್ನು ನಂಬಿ ಕೂರುವಂತಿಲ್ಲ. ಮೊದಲ ಪರೀಕ್ಷೆ ಸರಿ ಬಂದು ಕೆರೆತ ಮುಂದುವರಿದರೂ ವಾರ, ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಕೆರೆತ ಮೊದಲು ಬಂದು ಆಮ್ಲ ಆಮೇಲೆ ಏರುವುದು ಹೊಸದಲ್ಲ. ಆ ನಂತರ ಪ್ರತಿ ವಾರ ನೋಡಿದರು. 58, 55. ನೂರು ದಾಟಲಿಲ್ಲ. ಮಧ್ಯಮದವರಿಗೆ 38ರಿಂದ 39ನೇ ವಾರದಲ್ಲಿ ಹೆರಿಗೆ ಮಾಡಿಸಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ. 38 ವಾರ ತುಂಬಿದ ಮೇಲೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಸೇರಿಸಿ ನೋವು ಬರಿಸುವ ಔಷಧಿ ಕೊಟ್ಟರೆ ಸಹಜ ಹೆರಿಗೆಯಾಗಬಹುದು. ಕೊಲೆಸ್ಟಾಸಿಸ್ ಇದೆ ಎಂದ ಮಾತ್ರಕ್ಕೆ ಸಿಜೇರಿಯನ್ ಬೇಕಾಗುವುದಿಲ್ಲ. ಬೇರೆ ಕಾರಣವಿದ್ದರೆ ಅದು ಬೇರೆ ಮಾತು.

ಅದೇ 35ನೇ ವಾರದ ಚೀಟಿಯಲ್ಲಿ 52ರ ಬದಲು 118 ಬಂದಿತ್ತು ಎನ್ನಿ. ಆಗ ಲೆಕ್ಕವೇ ಬೇರೆ. ತೀವ್ರದವರಿಗೆ 35ರಿಂದ 36ನೇ ವಾರದಲ್ಲೇ ಹೆರಿಗೆ. ಮಗು ಒಂದು ತಿಂಗಳು ಮೊದಲೇ ಬರುತ್ತದೆ, ಉಸಿರಾಟಕ್ಕೆ, ಹಾಲು ಕುಡಿಯಲು, ಮೈ ಬೆಚ್ಚಗಿಡಲು ಸಹಾಯ ಬೇಕಾಗಬಹುದು. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವ ಕಡೆಯೇ ಹೆರಿಗೆ ಆಗಬೇಕು. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರ್ ಸುಮಾರು 40 ಕಿಲೋಮೀಟರ್. ನೋವು ಶುರುವಾದ ಮೇಲೆ ಹೊರಡುವ ಬದಲು ಅಂಕಿ ಬಂದ ದಿನವೇ ಹೊರಡಬೇಕು. ಸರ್ಕಾರಿ ಆಸ್ಪತ್ರೆಯಿಂದ ಕಳಿಸುವಾಗ ಬಸುರಿಗೆ ವಾಹನ ಉಚಿತ, 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಅದು ಅವಳ ಹಕ್ಕು. "ದಿನ ತುಂಬಿಲ್ಲ, ಇಷ್ಟು ಬೇಗ ಯಾಕ?" ಎಂದು ಹಿರಿಯರು ಹಿಂದೆಮುಂದೆ ನೋಡುವುದು ಸಹಜ. ದಿನ ತುಂಬಿಸಲು ಕಾಯುವುದರಲ್ಲೇ ಅಪಾಯ ಇರುವ ಕೆಲವೇ ಸಂದರ್ಭಗಳಲ್ಲಿ ಇದೊಂದು ಎಂದು ಡಾಕ್ಟರು ಕೂರಿಸಿಕೊಂಡು ಹೇಳಬೇಕು.

ಗುಳಿಗೆಯಿಲ್ಲವೇ? ಇದೆ. ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಎಂಬ ಗುಳಿಗೆಯನ್ನು ಬಹಳ ಡಾಕ್ಟರು ಬರೆಯುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 605 ಬಸುರಿಯರನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಇದನ್ನು, ಇನ್ನೊಂದಕ್ಕೆ ಔಷಧಿಯಿಲ್ಲದ ಗುಳಿಗೆಯನ್ನು ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಕೆರೆತ ಅಷ್ಟಿಷ್ಟು ತಗ್ಗಿತು, ಮಗುವಿನ ಅಪಾಯ ಮಾತ್ರ ತಗ್ಗಲಿಲ್ಲ. ಗುಳಿಗೆಯಿಂದ ತಾಯಿಗೆ ನೆಮ್ಮದಿ ಸಿಕ್ಕರೆ ತೆಗೆದುಕೊಳ್ಳಲಿ. ಗುಳಿಗೆ ನುಂಗುತ್ತಿದ್ದೇನೆ, ಇನ್ನು ಪರೀಕ್ಷೆ ಬೇಡ ಎನ್ನುವ ಹಾಗಿಲ್ಲ. ಮಗುವನ್ನು ಕಾಯುವುದು ಸರಿಯಾದ ವಾರದಲ್ಲಿ ಮಾಡಿಸುವ ಹೆರಿಗೆಯೇ. ರಾತ್ರಿಯ ಹಿಂಸೆಗೆ ಮೆಂಥಾಲ್ ಬೆರೆತ ತಂಪು ಮುಲಾಮು, ತಣ್ಣೀರ ಬಟ್ಟೆ, ಸಡಿಲ ಹತ್ತಿಬಟ್ಟೆ ಸ್ವಲ್ಪ ಆಸರೆ. ನಿದ್ದೆ ಬರಿಸುವ ಅಲರ್ಜಿ ಗುಳಿಗೆಯನ್ನು ಡಾಕ್ಟರು ಕೊಡಬಹುದು. ಬದನೆಕಾಯಿ, ಶೇಂಗಾ ಬಿಡಿಸಿ ಬಸುರಿಯನ್ನು ಅರೆಹೊಟ್ಟೆ ಮಾಡುವುದರಿಂದ ಈ ಕೆರೆತ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಕಾಮಣಿಗೆಂದು ಊರೂರಲ್ಲಿ ಕೊಡುವ ಬೇರು, ಸೊಪ್ಪಿನ ರಸ ಬಸುರಿಯ ಹೊಟ್ಟೆಗೆ ಹೋಗಬಾರದು. ಅದರಲ್ಲಿ ಏನಿದೆ ಎಂದು ಕೊಡುವವರೂ ಹೇಳುವುದಿಲ್ಲ, ಕೆಲವು ಸೊಪ್ಪುಗಳೇ ಲಿವರಿಗೆ ಹಾನಿ ಮಾಡುತ್ತವೆ. ಕಾಮಣಿಗೆ ಕೈ ಸುಡಿಸುವುದಂತೂ ಗಾಯವನ್ನಲ್ಲದೆ ಬೇರೇನನ್ನೂ ಕೊಡದು.

ಕಣ್ಣು ನಿಜಕ್ಕೂ ಹಳದಿಯಾದರೆ ಅದು ಇದಕ್ಕಿಂತ ದೊಡ್ಡ ಸುದ್ದಿ ಇರಬಹುದು. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಇ ಬೇರೆಯವರಿಗೆ ಬಂದು ಹೋಗುವ ಕಾಮಣಿ, ಏಳು ತಿಂಗಳು ದಾಟಿದ ಬಸುರಿಗೆ ಪ್ರಾಣಾಂತಿಕವಾಗಬಹುದು. ಜ್ವರ, ವಾಂತಿ, ಅನ್ನ ಸೇರದಿರುವುದು, ಆಮೇಲೆ ಹಳದಿ. ಇನ್ನೊಂದು, ಲಿವರಿನಲ್ಲಿ ದಿಢೀರನೆ ಕೊಬ್ಬು ತುಂಬಿ ಕೆಲವೇ ದಿನದಲ್ಲಿ ಅದು ಕೈಕೊಡುವ ರೋಗ. ಮೂರನೆಯದು ಬಿಪಿ ಏರಿ ರಕ್ತದ ಪ್ಲೇಟ್‌ಲೆಟ್ ಇಳಿಯುವುದು. ಈ ಮೂರರಲ್ಲೂ ಕೆರೆತ ಮುಂದಾಳಲ್ಲ. ಬಲಪಕ್ಕೆಯ ಕೆಳಗೆ ಅಥವಾ ಎದೆಗುಂಡಿಯಲ್ಲಿ ನೋವು, ನಿಲ್ಲದ ವಾಂತಿ, ತಲೆನೋವು, ಕಣ್ಣು ಮಂಜು, ಮಂಪರು, ಒಸಡಿನಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನು ಮಾಡಬೇಕು, ಬೆಳಗಾಗಲಿ ಎಂದು ಕಾಯಬಾರದು. ಮಗುವಿನ ಒದೆತ ಎಂದಿನಂತೆ ಇಲ್ಲ ಅನಿಸಿದರೂ ಅಷ್ಟೇ ಅವಸರ. ಕೆರೆತದ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಬೂದಿಯಂತೆ ಬಿಳಿಚಿದರೆ ಮರುದಿನವೇ ರಕ್ತ ಕೊಡಬೇಕು.

ಕುಬಸದ ಪ್ರಯಾಣಕ್ಕೆ ಮರಳಿ ಹೇಳುವುದಾದರೆ, ತವರಿಗೆ ಹೊರಡುವ ಮುನ್ನ ಆಶಾ ಅಕ್ಕ ತಾಯಿ ಕಾರ್ಡಿನಲ್ಲಿ ತವರೂರಿನ ಆರೋಗ್ಯ ಕೇಂದ್ರದ ಹೆಸರು, ಅಲ್ಲಿಯ ಆಶಾಳ ಫೋನ್ ನಂಬರ್ ಬರೆದುಕೊಟ್ಟರೆ ಆಗುವ ಉಪಕಾರ ದೊಡ್ಡದು. ಕೆರೆತ ಶುರುವಾದ ದಿನ, ಎಸ್‌ಜಿಪಿಟಿ, ಬೈಲ್ ಆಸಿಡ್, ಎಷ್ಟನೇ ವಾರ, ಈ ನಾಲ್ಕನ್ನು ಅದೇ ಕಾರ್ಡಿನ ಮೇಲೆ ಯಾರಾದರೂ ಬರೆದಿಡಬೇಕು. ಚೀಟಿ ಕಳೆಯುತ್ತದೆ, ಕಾರ್ಡು ಹೆರಿಗೆಯವರೆಗೆ ಬರುತ್ತದೆ. ಗಡಿಯಾಚೆಯ ತವರಿಗೆ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ಆಮ್ಲ ನೂರರ ಹತ್ತಿರ ಬಂದರೆ ಅಲ್ಲಿಂದ ಯಾವ ಆಸ್ಪತ್ರೆ ಹತ್ತಿರ, ಕೂಸಿಗೆ ಆರೈಕೆ ಘಟಕ ಅಲ್ಲಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಡುವುದು ಒಳ್ಳೆಯದು.

ಹೆರಿಗೆಯಾದ ಮೇಲೆ ಕೆರೆತ ಹೆಚ್ಚಾಗಿ ಕೆಲವು ದಿನಗಳಲ್ಲಿ, ತಡವೆಂದರೆ ಕೆಲವು ವಾರಗಳಲ್ಲಿ ಬಿಡುತ್ತದೆ. ಮಗುವಿಗೆ ಎದೆಹಾಲು ಕೊಡಲು ಯಾವ ಅಡ್ಡಿಯೂ ಇಲ್ಲ. ಆರು ವಾರವಾದ ಮೇಲೆ ಎಸ್‌ಜಿಪಿಟಿ ಇನ್ನೊಮ್ಮೆ ನೋಡಿಸಬೇಕು. ಆಗಲೂ ಏರಿದ್ದರೆ ಇದು ಬರೀ ಬಸಿರಿನ ತೊಂದರೆಯಲ್ಲದೆ ಲಿವರಿನಲ್ಲಿ ಬೇರೇನೋ ಇರಬಹುದು. ಬಾಣಂತಿತನದಲ್ಲಿ ಮೈ ನವೆಯಿಲ್ಲದೆ ಹಗುರಾದಾಗ ಈ ಪರೀಕ್ಷೆ ಮರೆತೇಹೋಗುತ್ತದೆ, ಹೆಚ್ಚಿನವರು ಮಾಡಿಸುವುದೇ ಇಲ್ಲ. ಮಗುವಿನ ಆರನೇ ವಾರದ ಲಸಿಕೆಗೆ ಹೋದ ದಿನವೇ ರಕ್ತ ಕೊಟ್ಟು ಬಂದರೆ ಬೇರೆ ಓಡಾಟ ತಪ್ಪುತ್ತದೆ. ಅಂತರಕ್ಕೆಂದು ಸರ್ಕಾರಿ ಕೇಂದ್ರದಲ್ಲಿ ಕೊಡುವ ಮಾಲಾ-ಎನ್ ಗುಳಿಗೆಯಲ್ಲಿ ಈಸ್ಟ್ರೋಜನ್ ಇದೆ. ಕೊಲೆಸ್ಟಾಸಿಸ್ ಆದ ಕೆಲವರಿಗೆ ಅದರಿಂದ ಕೆರೆತ ಮರುಕಳಿಸಬಹುದು, ತೆಗೆದುಕೊಳ್ಳುವ ಮೊದಲು ಡಾಕ್ಟರಿಗೆ ಹೇಳಬೇಕು. ಕಾಪರ್-ಟಿಗೂ ಲಿವರಿಗೂ ಸಂಬಂಧವಿಲ್ಲ. ಮುಂದಿನ ಬಸಿರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಮತ್ತೆ ಬರುತ್ತದೆ. ಮೊದಲ ತಪಾಸಣೆಯಲ್ಲೇ ಹಿಂದಿನ ಕಾರ್ಡು ತೋರಿಸಿ ಲಿವರ್ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಬೇಕು, ಕೆರೆತ ಬಂದ ವಾರವೇ ಬೈಲ್ ಆಸಿಡ್‌ಗೆ ರಕ್ತ ಕೊಡಬೇಕು. ತಂಗಿಗೂ ತಿಳಿಸಿಡಬೇಕು, ಅದೇ ಜೀನ್ ಅವಳಲ್ಲೂ ಇರಬಹುದು.